ಹಸಿವೆಂಬ ಓಲೆ: ಹೊಟ್ಟೆ ಬರೆಯುವುದು, ಮೆದುಳು ಓದುವುದು

(ಪಶ್ಚಿಮ ಬೆಂಗಳೂರಿನ ಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನಾ ಸಭೆಯ ಬಳಿಕ ಮಕ್ಕಳನ್ನುದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಮೊದಲಿಗೆ ನಿಮ್ಮೆಲ್ಲರಲ್ಲಿ ಒಂದು ವಿನಂತಿ. ದಯವಿಟ್ಟು ನಿಂತಲ್ಲಿಯೇ ಕುಳಿತುಕೊಳ್ಳಿರಿ. ಈ ವಿನಂತಿಗೆ ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇವೆ. ಈಗ ಒಂದು ಪ್ರಶ್ನೆ. ಹಸಿವು ಎಲ್ಲಿದೆ? ಬೆರಳಿಟ್ಟು ತೋರಿಸಿರಿ.

ಎಲ್ಲರ ಕೈಗಳೂ ಹೊಟ್ಟೆಯ ಮೇಲಿವೆ. ಒಬ್ಬ ಹುಡುಗ ಮಾತ್ರ ಊಟದ ಡಬ್ಬಿಯನ್ನು ತೋರಿಸುತ್ತಿದ್ದಾನೆ. ಅವನ ಉತ್ತರವೂ ಪೂರ್ತಿ ತಪ್ಪಲ್ಲವೆಂಬುದನ್ನು ಮುಂದೆ ನೋಡೋಣ. ನಿಮ್ಮ ಉತ್ತರ ಅರ್ಧದಷ್ಟು ಸರಿ. ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳು ಕೂಡಾ ನೀವು ತೋರಿಸಿದ ಜಾಗವನ್ನೇ ತೋರಿಸಿದ್ದರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರಿದ್ದರು. ವಾಶ್‌ಬರ್ನ್ ಎಂಬುವರು ಅವರ ವಿದ್ಯಾರ್ಥಿ. ಈ ವಿದ್ಯಾರ್ಥಿ ಒಂದು ರಬ್ಬರ್ ಬಲೂನನ್ನು ಕೊಳವೆಯ ಸಮೇತ ನುಂಗುವುದನ್ನು ಅಭ್ಯಾಸ ಮಾಡಿಕೊಂಡರು. ಕೊಳವೆಯ ಇನ್ನೊಂದು ತುದಿ ಹೊರಗಿನ ಯಂತ್ರಕ್ಕೆ ಜೋಡಿಸಲ್ಪಟ್ಟಿತ್ತು. ಜಠರವು ಹಿಂಡಿದಾಗಲೆಲ್ಲ ಬಲೂನು ಅದುಮಲ್ಪಟ್ಟು ಕಾಗದದ ಮೇಲೆ ಗೆರೆಯೊಂದು ಏರುತ್ತಿತ್ತು. ಆ ಗೆರೆ ವಾಶ್‌ಬರ್ನರಿಗೆ ಕಾಣುತ್ತಿರಲಿಲ್ಲ. ಹಸಿವಿನ ಸಂಕಟ ಆದಾಗಲೆಲ್ಲ ಒಂದು ಗುಂಡಿಯನ್ನು ಒತ್ತುವುದಷ್ಟೇ ಅವರ ಕೆಲಸ. ಕೊನೆಗೆ ಎರಡು ಗೆರೆಗಳನ್ನೂ ಹೋಲಿಸಿದಾಗ ಅವು ತಾಳೆಯಾದವು. ಜಠರ ಹಿಂಡುತ್ತಿತ್ತು, ಆ ಹಿಂಡುವಿಕೆ ತೀವ್ರಗೊಂಡಾಗ ಅವರು ಗುಂಡಿ ಒತ್ತುತ್ತಿದ್ದರು. 1912ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಹಸಿವೆಂದರೆ ಖಾಲಿ ಜಠರದ ಹಿಂಡುವಿಕೆ ಎಂಬ ತೀರ್ಮಾನಕ್ಕೆ ಬರಲಾಯಿತು.

ಆದರೆ ಇಲ್ಲೊಂದು ತೊಡಕಿತ್ತು. ಕಾಯಿಲೆಯ ಕಾರಣದಿಂದ ಶಸ್ತ್ರಚಿಕಿತ್ಸೆಯ ಮೂಲಕ ಇಡೀ ಜಠರವನ್ನೇ ತೆಗೆಸಿಕೊಂಡವರಿದ್ದಾರೆ. ಅವರಲ್ಲಿ ಹಿಂಡುವುದಕ್ಕೆ ಜಠರವೇ ಇಲ್ಲ. ಆದರೂ ಅವರಿಗೆ ಹಸಿವಾಗುತ್ತದೆ. ಹಾಗಾದರೆ ಹಿಂಡುವಿಕೆಯು ಹಸಿವಿನ ಜೊತೆಗಾರನೇ ಹೊರತು ಹಸಿವೇ ಅಲ್ಲವೆಂದಾಯಿತು.

ಹೊಟ್ಟೆ ಗುರುಗುಟ್ಟುವ ಬಗ್ಗೆಯೂ ಇಲ್ಲಿಯೇ ಒಂದು ಮಾತು. ಪ್ರಾರ್ಥನೆಯ ಮೌನದಲ್ಲಿ ಹೊಟ್ಟೆ ಸದ್ದು ಮಾಡಿದರೆ ಹುಡುಗಿಯರು ನಾಚಿ ತಲೆ ತಗ್ಗಿಸುವುದನ್ನು ನಾವು ನೋಡಿದ್ದೇವೆ. ನಾಚುವುದಕ್ಕೆ ಅದರಲ್ಲಿ ಏನೂ ಇಲ್ಲ. ಊಟ ಜೀರ್ಣವಾಗಿ ಹೋದ ಬಳಿಕ, ಸುಮಾರು ಒಂದೂವರೆ ಎರಡು ಗಂಟೆಗಳಿಗೊಮ್ಮೆ, ಜಠರದಿಂದ ಸಣ್ಣ ಕರುಳಿನ ತುದಿಯವರೆಗೆ ಹಿಂಡುವಿಕೆಯ ಒಂದು ಅಲೆ ಸಾಗುತ್ತದೆ. ಊಟದ ಬಳಿಕ ಅಡುಗೆಮನೆಯ ಕಟ್ಟೆಯನ್ನು ಅಮ್ಮ ಒರೆಸುವಂತೆ ಅದು ಅಳಿದುಳಿದ ಚೂರುಗಳನ್ನು ಮುಂದಕ್ಕೆ ಗುಡಿಸುತ್ತದೆ. ಒಳಗಿರುವ ಗಾಳಿ ಮತ್ತು ನೀರು ಆ ರಭಸಕ್ಕೆ ಕಲಕಿ ಸದ್ದು ಮಾಡುತ್ತವೆ. ಊಟದ ನಂತರವೂ ಸದ್ದು ಬರುವುದುಂಟು. ಹೊಟ್ಟೆಯ ಸದ್ದನ್ನೇ ಹಸಿವಿನ ಸಾಕ್ಷಿಯೆಂದು ತಿಳಿಯಬೇಕಾಗಿಲ್ಲ.

ಹಾಗಾದರೆ ಹೊಟ್ಟೆಯು ಹಸಿವನ್ನು ಮೆದುಳಿಗೆ ತಿಳಿಸುವುದು ಹೇಗೆ? ಅದು ಓಲೆ ಬರೆಯುತ್ತದೆ ಎನ್ನಬಹುದು. 1999ರಲ್ಲಿ ಜಪಾನಿನ ಕೋಜಿಮಾ ಮತ್ತು ಕಾಂಗಾವಾ ಎಂಬ ವಿಜ್ಞಾನಿಗಳು ತಮ್ಮ ತಂಡದೊಂದಿಗೆ ಆ ಓಲೆಯನ್ನು ಪತ್ತೆ ಹಚ್ಚಿದರು. ಅದರ ಹೆಸರು ಗ್ರೆಲಿನ್. ಜಠರದ ಮೇಲ್ಭಾಗದ ಗೋಡೆಯಲ್ಲಿರುವ ಜೀವಕೋಶಗಳು ಇದನ್ನು ಮುಖ್ಯವಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ರಕ್ತ ಅದನ್ನು ಮೆದುಳಿಗೆ ತಲುಪಿಸುತ್ತದೆ. ಊಟಕ್ಕೆ ಮುಂಚೆ ರಕ್ತದಲ್ಲಿ ಗ್ರೆಲಿನ್ ಏರುತ್ತದೆ, ಊಟವಾದ ಒಂದು ಗಂಟೆಯ ಒಳಗೆ ಗಣನೀಯವಾಗಿ ಇಳಿಯುತ್ತದೆ. ಸ್ವಲ್ಪ ತಿಂದರೆ ಸ್ವಲ್ಪ ಇಳಿದು ಬೇಗನೆ ಮತ್ತೆ ಏರುತ್ತದೆ, ಸರಿಯಾಗಿ ತಿಂದರೆ ಚೆನ್ನಾಗಿ ಇಳಿದು ತಡವಾಗಿ ಏರುತ್ತದೆ.

ಗ್ರೆಲಿನ್‌ಗೆ ಒಂದು ವಿಶೇಷ ಗುಣವಿದೆ. ಅದು ಗಡಿಯಾರವನ್ನು ಕಲಿಯುತ್ತದೆ. ನೀವು ಪ್ರತಿದಿನ ಒಂದು ಗಂಟೆಗೆ ಉಣ್ಣುವವರಾದರೆ ಹನ್ನೆರಡೂವರೆಯ ಹೊತ್ತಿಗೇ ಅದು ಏರತೊಡಗುತ್ತದೆ. ಆ ದಿನ ನೀವು ಉಣ್ಣದಿದ್ದರೆ ಏನಾಗುತ್ತದೆ? ಏರುತ್ತಲೇ ಹೋಗುತ್ತದೆಂದು ನೀವು ಭಾವಿಸಬಹುದು. ಹಾಗಾಗುವುದಿಲ್ಲ. ಸ್ವಲ್ಪ ಹೊತ್ತು ಕಾಡಿ, ಏನನ್ನೂ ತಿನ್ನದಿದ್ದರೂ ತಾನಾಗಿಯೇ ಇಳಿಯುತ್ತದೆ. ಮುಂದಿನ ಊಟದ ಸಮಯಕ್ಕೆ ಮತ್ತೆ ಏರುತ್ತದೆ. ನಿಮ್ಮಲ್ಲಿ ರಮಝಾನಿನ ಉಪವಾಸ ಆಚರಿಸುವ ಮಕ್ಕಳಿಗೆ ಇದು ಅನುಭವದಿಂದಲೇ ಗೊತ್ತು. ಮೊದಲ ಮೂರು ನಾಲ್ಕು ದಿನ ಮಧ್ಯಾಹ್ನ ಒಂದು ಗಂಟೆಗೆ ಹಸಿವು ಪೀಡಿಸುತ್ತದೆ, ಮೂರು ಗಂಟೆಗೆ ಅದೆಲ್ಲಿ ಹೋಯಿತೋ ತಿಳಿಯುವುದಿಲ್ಲ. ಮೂರು ಗಂಟೆಗೆ ಹೊಟ್ಟೆ ಇನ್ನಷ್ಟು ಖಾಲಿಯಾಗಿರುತ್ತದೆಯಲ್ಲವೇ? ಆದರೂ ಹಸಿವು ಕಡಿಮೆ. ಹಸಿವು ಕೇವಲ ಖಾಲಿ ಹೊಟ್ಟೆಯ ಅಳತೆಯಾಗಿದ್ದರೆ ಹೀಗಾಗುತ್ತಿರಲಿಲ್ಲ. ದಿನಗಳು ಕಳೆದಂತೆ ಗಡಿಯಾರ ಹೊಸ ವೇಳೆಯನ್ನು ಕಲಿತುಕೊಳ್ಳುತ್ತದೆ, ಮಧ್ಯಾಹ್ನದ ಪೀಡೆ ತಗ್ಗುತ್ತದೆ, ಇಫ್ತಾರ್ ಸಮಯ ಸಮೀಪಿಸಿದಾಗ ಹಸಿವು ಎಚ್ಚರಗೊಳ್ಳುತ್ತದೆ. ಏಕಾದಶಿಗೆ ಉಪವಾಸ ಮಾಡುವ ಅಜ್ಜಿಯಂದಿರನ್ನು ಕೇಳಿದರೆ ಅವರೂ ಇದೇ ಮಾತನ್ನು ಹೇಳಿಯಾರು.

ಓಲೆ ತಲುಪಿತು. ಅದನ್ನು ಓದುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ದೇಶದವರೊಬ್ಬರಿದ್ದರೆಂಬುದು ನಿಮಗೆ ತಿಳಿದಿರಲಿ. ಅವರ ಹೆಸರು ಬಾಲಕೃಷ್ಣ ಆನಂದ್. 1917ರಲ್ಲಿ ಲಾಹೋರಿನಲ್ಲಿ ಜನಿಸಿದ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಜಾನ್ ಬ್ರೋಬೆಕ್ ಎಂಬ ವಿಜ್ಞಾನಿಯ ಜೊತೆ ಇಲಿಗಳ ಮೇಲೆ ಸಂಶೋಧನೆ ನಡೆಸಿದರು. ಮೆದುಳಿನ ತಳಭಾಗದಲ್ಲಿ, ನಿಮ್ಮ ಮೂಗಿನ ಮೇಲ್ತುದಿಯಿಂದ ನೇರವಾಗಿ ಒಳಗೆ ಹೋದರೆ ಸಿಗುವಂತಹ ಜಾಗದಲ್ಲಿ, ಬಾದಾಮಿಯಷ್ಟು ಚಿಕ್ಕದಾದ ಒಂದು ಭಾಗವಿದೆ. ಅದಕ್ಕೆ ಹೈಪೋಥಾಲಮಸ್ ಎಂದು ಹೆಸರು. ಅದರ ಎರಡೂ ಪಾರ್ಶ್ವಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಗಾಯ ಮಾಡಿದಾಗ ಇಲಿಗಳು ತಿನ್ನುವುದನ್ನೇ ನಿಲ್ಲಿಸಿಬಿಟ್ಟವು. ಬಟ್ಟಲಿನ ತುಂಬ ಆಹಾರ ಎದುರಿಗಿದ್ದರೂ ಅವು ತಿನ್ನದೆ ಸೊರಗಿದವು. 1951ರಲ್ಲಿ ಈ ಸಂಗತಿ ಪ್ರಕಟವಾಯಿತು. ಆನಂದ್ ಭಾರತಕ್ಕೆ ಮರಳಿ ಬಂದು ಮುಂದೆ ದಿಲ್ಲಿಯ ಏಮ್ಸ್ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು.

ಹೈಪೋಥಾಲಮಸ್‌ನ ಮಧ್ಯಭಾಗಕ್ಕೆ ಗಾಯವಾದರೆ ಇಲಿಗಳು ಮಿತಿಮೀರಿ ತಿಂದು ಕೊಬ್ಬುತ್ತವೆ ಎಂಬುದು ಅದಕ್ಕಿಂತ ಮೊದಲೇ ಗೊತ್ತಾಗಿತ್ತು. ಹೀಗೆ, ಪಾರ್ಶ್ವದಲ್ಲಿ 'ತಿನ್ನು' ಎನ್ನುವ ಕೇಂದ್ರ, ಮಧ್ಯದಲ್ಲಿ 'ಸಾಕು' ಎನ್ನುವ ಕೇಂದ್ರ ಎಂಬ ಸರಳ ಚಿತ್ರವೊಂದು ಪಠ್ಯಪುಸ್ತಕಗಳಿಗೆ ಬಂತು. ಆದರೆ ತಿನ್ನುವುದನ್ನು ನಿಲ್ಲಿಸಿದ ಇಲಿಗಳಿಗೆ ಕೊಳವೆಯ ಮೂಲಕ ಆಹಾರ ಕೊಟ್ಟು ಕೆಲವು ವಾರ ಕಾಪಾಡಿದಾಗ ಅವು ನಿಧಾನವಾಗಿ ಮತ್ತೆ ತಿನ್ನಲು ಕಲಿತವು ಎಂಬುದನ್ನು ನಂತರದ ವಿಜ್ಞಾನಿಗಳು ಕಂಡುಕೊಂಡರು. ಗೋಡೆಯ ಮೇಲಿನ ದೀಪದ ಸ್ವಿಚ್ಚಿನಂತೆ ಇದು ಒಂದೇ ಜಾಗದಲ್ಲಿ ಇರುವಂಥದ್ದಲ್ಲ. ಇಂದು ತಿಳಿದಿರುವ ಪ್ರಕಾರ, ಅದೇ ಬಾದಾಮಿಯೊಳಗೆ ಎರಡು ಗುಂಪಿನ ನರಕೋಶಗಳು ಅಕ್ಕಪಕ್ಕದಲ್ಲಿವೆ. ಒಂದು ಗುಂಪು 'ಆಹಾರ ಹುಡುಕು' ಎನ್ನುತ್ತದೆ, ಗ್ರೆಲಿನ್ ಅದನ್ನು ಎಬ್ಬಿಸುತ್ತದೆ. ಇನ್ನೊಂದು ಗುಂಪು 'ಸಾಕು' ಎನ್ನುತ್ತದೆ. ಒಂದರ ಸ್ವರ ಏರಿದಾಗ ಇನ್ನೊಂದರ ಸ್ವರ ತಗ್ಗುತ್ತದೆ.

ಡಬ್ಬಿಯನ್ನು ತೋರಿಸಿದ ಹುಡುಗನ ವಿಷಯಕ್ಕೆ ಈಗ ಬರೋಣ. 2015ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಹಸಿದ ಇಲಿಯ ಎದುರಿಗೆ ಆಹಾರ ಬಂದೊಡನೆ, ಅದನ್ನು ತಿನ್ನುವ ಮೊದಲೇ, 'ಹುಡುಕು' ಎನ್ನುವ ನರಕೋಶಗಳು ಕೆಲವೇ ಕ್ಷಣಗಳಲ್ಲಿ ಶಾಂತವಾದದ್ದು ಕಂಡುಬಂತು. ಹುಡುಕುವ ಕೆಲಸ ಮುಗಿಯಿತೆಂದು ಅವು ಭಾವಿಸಿದಂತೆ! ಆಹಾರವನ್ನು ಬಾಯಿಗೆ ಸಿಗದಂತೆ ಇಟ್ಟರೆ ಅವು ಮತ್ತೆ ಎದ್ದವು. ಇದು ಇಲಿಯ ಸಂಗತಿ, ಮನುಷ್ಯರಲ್ಲಿ ಇದನ್ನು ಹಾಗೆಯೇ ಅಳೆದು ನೋಡಲು ಸಾಧ್ಯವಾಗಿಲ್ಲ. ಆದರೂ ಮಧ್ಯಾಹ್ನ ಊಟದ ವಾಹನ ಗೇಟಿನೊಳಗೆ ಬಂದಾಗ ತರಗತಿಯಲ್ಲಿ ಉಂಟಾಗುವ ಗದ್ದಲವನ್ನೂ ಸಾಂಬಾರಿನ ಮುಚ್ಚಳ ತೆಗೆದಾಗ ಬಾಯಲ್ಲಿ ಊರುವ ನೀರನ್ನೂ ನೆನಪಿಸಿಕೊಂಡರೆ, ಕಣ್ಣು ಮತ್ತು ಮೂಗುಗಳು ಈ ವ್ಯವಹಾರದಲ್ಲಿ ಎಷ್ಟು ಬೇಗ ಸೇರಿಕೊಳ್ಳುತ್ತವೆಂಬುದು ತಿಳಿಯುತ್ತದೆ.

ಊಟದ ವಾಹನದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇವೆ. ಈ ವ್ಯವಸ್ಥೆಗೆ ನಮ್ಮ ಈ ಭಾಗದೊಂದಿಗೆ ಹತ್ತಿರದ ಸಂಬಂಧವಿದೆ. 2000ನೇ ಇಸವಿಯ ಜೂನ್‌ನಲ್ಲಿ, ರಾಜಾಜಿನಗರದ ಗುಡ್ಡದ ಮೇಲಿರುವ ಇಸ್ಕಾನ್ ಸಂಸ್ಥೆಯು ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವುದರೊಂದಿಗೆ ಅಕ್ಷಯ ಪಾತ್ರ ಯೋಜನೆ ಆರಂಭವಾಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ಕೊಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಆರಂಭಗೊಂಡು ನಂತರ ರಾಜ್ಯದ ಎಲ್ಲೆಡೆಗೆ ಹರಡಿತು. ನಿಯಮದ ಪ್ರಕಾರ ಐದನೇ ತರಗತಿಯವರೆಗಿನ ಮಗುವಿನ ಊಟದಲ್ಲಿ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೊಟೀನ್ ಇರಬೇಕು. ಆರರಿಂದ ಎಂಟನೇ ತರಗತಿಯವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿರಿ, ಸ್ವಲ್ಪ ಹೊತ್ತಿನಲ್ಲಿಯೇ ಬೇಕಾಗುತ್ತವೆ.

ಹಸಿವಿನ ಓಲೆಯನ್ನು ನೋಡಿದೆವು. 'ಸಾಕು' ಎಂಬ ಓಲೆ ಹೇಗೆ ಹೋಗುತ್ತದೆ? ಅದು ಒಂದಲ್ಲ, ಹಲವು. ಮೊದಲನೆಯದು ನರದ ಮೂಲಕ ಹೋಗುವ ತಂತಿ ಸಂದೇಶ. ದೊಡ್ಡವರ ಖಾಲಿ ಜಠರವು ಮುಷ್ಟಿಯಷ್ಟಿದ್ದು ಊಟವಾದಾಗ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ್ದನ್ನು ವೇಗಸ್ ಎಂಬ ಉದ್ದನೆಯ ನರವು ತಕ್ಷಣ ಮೆದುಳಿಗೆ ತಿಳಿಸುತ್ತದೆ. ಈ ನರದಲ್ಲಿರುವ ಎಳೆಗಳಲ್ಲಿ ಹೆಚ್ಚಿನವು ಮೆದುಳಿನಿಂದ ಕೆಳಗೆ ಆಜ್ಞೆ ತರುವಂಥವಲ್ಲ, ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮೆದುಳು ಹೊಟ್ಟೆಯನ್ನು ಆಳುತ್ತದೆಂದು ನಾವೆಲ್ಲ ತಿಳಿದುಕೊಂಡಿರುತ್ತೇವೆ, ಆದರೆ ಅದು ಹೇಳುವುದಕ್ಕಿಂತ ಕೇಳುವುದೇ ಹೆಚ್ಚು.

ಹಿಗ್ಗುವಿಕೆಯ ಸಂದೇಶವನ್ನು ನೀರಿನಿಂದಲೂ ಉಂಟುಮಾಡಬಹುದು. ಆದರೆ ನೀರು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕುಡಿದದ್ದರಲ್ಲಿ ಅರ್ಧದಷ್ಟು ಇಪ್ಪತ್ತು ನಿಮಿಷಗಳೊಳಗೆ ಕರುಳಿಗೆ ಇಳಿದುಬಿಡುತ್ತದೆ. ಹಸಿವನ್ನು ನೀರು ಕುಡಿದು ತಳ್ಳಿದವರಿಗೆ ಅದು ಬೇಗನೆ ಹಿಂತಿರುಗಿದ ಅನುಭವ ಇರುತ್ತದೆ. ದೇಹವನ್ನು ಹಾಗೆ ಸುಲಭವಾಗಿ ವಂಚಿಸಲಾಗದು, ಏಕೆಂದರೆ ಎರಡನೆಯ ಓಲೆ ಕರುಳಿನಿಂದ ಬರಬೇಕು. ಆಹಾರವು ಜಠರದಲ್ಲಿ ಅರೆದು ಮೆದುವಾಗಿ ಸಣ್ಣ ಕರುಳಿನ ಆರಂಭದ ಭಾಗಕ್ಕೆ ಇಳಿದಾಗ, ಅದರಲ್ಲಿರುವ ಕೊಬ್ಬು ಮತ್ತು ಪ್ರೊಟೀನನ್ನು ಅಲ್ಲಿನ ಜೀವಕೋಶಗಳು ಗುರುತಿಸಿ ಸಿ.ಸಿ.ಕೆ. ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಜಠರದ ಬಾಗಿಲನ್ನು ಬಿಗಿಗೊಳಿಸಿ ಆಹಾರ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ, ಜೊತೆಗೆ ಮೆದುಳಿಗೂ 'ಬರಬೇಕಾದ್ದು ಬರುತ್ತಿದೆ' ಎಂದು ತಿಳಿಸುತ್ತದೆ. ಶಾಲೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆ, ಬೇಳೆಯ ಸಾರು, ಹಾಲು ಇವೆಲ್ಲ ಬಹಳ ಹೊತ್ತು ಹೊಟ್ಟೆ ತುಂಬಿದ ಭಾವ ಕೊಡುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ಎರಡನೆಯ ಓಲೆಗೆ ಸಮಯ ಬೇಕು. ಮೊದಲ ತುತ್ತಿನಿಂದ ಎಣಿಸಿದರೆ ಅದು ಸರಿಯಾಗಿ ಮುಟ್ಟುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕಾಗುತ್ತದೆ. ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವನು ಓಲೆ ಬರುವ ಮುನ್ನವೇ ಊಟ ಮುಗಿಸಿರುತ್ತಾನೆ, ಅಥವಾ ಎರಡನೆಯ ಸಲ ಬಡಿಸಿಕೊಂಡಿರುತ್ತಾನೆ. ಇಫ್ತಾರಿನ ತಟ್ಟೆಯನ್ನು ನೆನಪಿಸಿಕೊಳ್ಳಿರಿ. ಖರ್ಜೂರ, ಶರಬತ್ತು, ಅದರ ಬೆನ್ನಿಗೇ ಎರಡು ಸಮೋಸ, ಪಕೋಡ, ಹಲೀಮ್. ಎಲ್ಲವೂ ಹತ್ತು ನಿಮಿಷದಲ್ಲಿ. ತಿನ್ನುವಾಗ ಏನೂ ಅನಿಸುವುದಿಲ್ಲ. ಅರ್ಧ ಗಂಟೆಯ ಬಳಿಕ ಹೊಟ್ಟೆ ಕಲ್ಲಿನಂತಾಗಿ ಬಗ್ಗಿ ಏಳುವುದೂ ಕಷ್ಟವಾಗುತ್ತದೆ. ತಡವಾಗಿ ತಲುಪಿದ ಓಲೆಗಳೆಲ್ಲ ಒಟ್ಟಿಗೇ ಬಂದು ಬಿದ್ದಿರುತ್ತವೆ. ಖರ್ಜೂರ ಮತ್ತು ನೀರು ಸೇವಿಸಿ, ನಮಾಝ್ ಮುಗಿಸಿ ಬಂದು ಊಟಕ್ಕೆ ಕುಳಿತುಕೊಳ್ಳುವ ಹಿರಿಯರಿಗೆ ಈ ತೊಂದರೆ ಕಡಿಮೆಯಿರುವುದನ್ನು ಗಮನಿಸಿರಿ. ಆ ನಡುವಿನ ಹತ್ತು ಹದಿನೈದು ನಿಮಿಷಗಳಲ್ಲಿ ಮೊದಲ ಓಲೆಗಳು ಹೊರಟಿರುತ್ತವೆ.

ಈಗ ನಮ್ಮ ಒಬ್ಬ ವಿದ್ಯಾರ್ಥಿಯ ಒಂದು ದಿನವನ್ನು ನೋಡೋಣ. ಅವನು ನಾಲ್ಕನೇ ತರಗತಿಯಲ್ಲಿದ್ದಾನೆಂದು ಇಟ್ಟುಕೊಳ್ಳಿರಿ. ರಾತ್ರಿ ಎಂಟೂವರೆಗೆ ಊಟ ಮಾಡಿದ್ದಾನೆ. ಬೆಳಗ್ಗೆ ತಡವಾಗಿ ಎದ್ದು ಚಹಾ ಕುಡಿದು, ತಿಂಡಿ ಬೇಡವೆಂದು ಹೊರಟಿದ್ದಾನೆ. ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೆ ಹನ್ನೆರಡು ಗಂಟೆಗಿಂತ ಹೆಚ್ಚು ಕಾಲ ಅವನ ದೇಹಕ್ಕೆ ಆಹಾರ ಸಿಕ್ಕಿಲ್ಲ. ಮೆದುಳು ಮಾತ್ರ ರಾತ್ರಿಯಿಡೀ ಸಕ್ಕರೆಯನ್ನು ಬಳಸುತ್ತಲೇ ಇತ್ತು. ದೊಡ್ಡವರು ವಿಶ್ರಾಂತಿಯಲ್ಲಿರುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲನ್ನು ಮೆದುಳು ತಿನ್ನುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಈ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಮಗುವಿನ ಯಕೃತ್ತಿನಲ್ಲಿರುವ ಸಕ್ಕರೆಯ ದಾಸ್ತಾನು ಮಾತ್ರ ದೊಡ್ಡವರದ್ದಕ್ಕಿಂತ ಚಿಕ್ಕದು. ಅಂದರೆ ಖರ್ಚು ಹೆಚ್ಚು, ಉಳಿತಾಯ ಕಡಿಮೆ. ಬೆಳಗಿನ ತಿಂಡಿ ತಪ್ಪಿದರೆ ಅಪ್ಪನಿಗೆ ಆಗುವ ತೊಂದರೆಗಿಂತ ಮಗನಿಗೆ ಆಗುವ ತೊಂದರೆ ದೊಡ್ಡದೆಂದು ಪಾಲಕರು ತಿಳಿಯಬೇಕು.

ಹನ್ನೆರಡೂಮುಕ್ಕಾಲಿಗೆ, ಊಟದ ಗಂಟೆಗೆ ಕಾಲು ಗಂಟೆ ಮೊದಲು, ಅವನು ಚೀಲದಿಂದ ಐದು ರೂಪಾಯಿಯ ಕುರುಕಲು ಪೊಟ್ಟಣವನ್ನು ತೆಗೆದು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ತಿನ್ನುತ್ತಾನೆ. ಹದಿನೈದು ಇಪ್ಪತ್ತು ಗ್ರಾಂನ ಅಂತಹ ಪೊಟ್ಟಣದಲ್ಲಿ ಇರುವುದು ಎಣ್ಣೆ, ಹಿಟ್ಟು, ಉಪ್ಪು. ಒಟ್ಟು ಸುಮಾರು ನೂರು ಕ್ಯಾಲರಿ. ಪ್ರೊಟೀನ್ ಒಂದು ಎರಡು ಗ್ರಾಂ ಇದ್ದರೆ ಹೆಚ್ಚು. ಆದರೆ ಕೊಬ್ಬು ಕರುಳಿಗೆ ಇಳಿದೊಡನೆ 'ಬರಬೇಕಾದ್ದು ಬರುತ್ತಿದೆ' ಎಂಬ ಓಲೆ ಹೊರಡುತ್ತದೆ, ಅದು ಮೆದುಳಿಗೆ ತಲುಪುವುದು ಸರಿಯಾಗಿ ಅನ್ನ ಸಾಂಬಾರು ಬಡಿಸುವ ಹೊತ್ತಿಗೆ. ಅವನು ನಾಲ್ಕು ತುತ್ತು ತಿಂದು ಉಳಿದದ್ದನ್ನು ಬಕೆಟ್ಟಿಗೆ ಸುರಿಯುತ್ತಾನೆ. 450 ಕ್ಯಾಲರಿಯ ಜಾಗದಲ್ಲಿ ನೂರು, 12 ಗ್ರಾಂ ಪ್ರೊಟೀನಿನ ಜಾಗದಲ್ಲಿ ಒಂದೆರಡು. ಅಷ್ಟು ಸಣ್ಣ ತಿನಿಸು ಗ್ರೆಲಿನನ್ನು ಹೆಚ್ಚು ಹೊತ್ತು ತಗ್ಗಿಸಿಡಲಾರದು. ಮೂರು ಗಂಟೆಗೆ, ಗಣಿತದ ತರಗತಿಯಲ್ಲಿ, ಅದು ಮತ್ತೆ ಏರುತ್ತದೆ. ಹುಡುಗ ಆಕಳಿಸುತ್ತಾನೆ, ಪಕ್ಕದವನೊಡನೆ ಜಗಳವಾಡುತ್ತಾನೆ. ಬೈಗುಳ ಮಾತ್ರ ಗಣಿತಕ್ಕಾಗಿ ಸಿಗುತ್ತದೆ. ಅದೇ ಪೊಟ್ಟಣವನ್ನು ಅವನು ಸಂಜೆ ಮನೆಗೆ ಹೋದ ಮೇಲೆ ತಿಂದಿದ್ದರೆ ಈ ಊಟ ಬಕೆಟ್ಟಿಗೆ ಹೋಗುತ್ತಿರಲಿಲ್ಲ. ಪೊಟ್ಟಣವನ್ನು ನಾವೇನೂ ಹೊಗಳುತ್ತಿಲ್ಲ, ಆದರೆ ಹೆಚ್ಚಿನ ಕೇಡು ಅದು ತಿನ್ನಲ್ಪಟ್ಟ ಗಳಿಗೆಯಿಂದ ಬಂತೆಂಬುದನ್ನು ತೋರಿಸುತ್ತಿದ್ದೇವೆ.

ಇನ್ನು ಮೂರನೆಯ ಓಲೆಯ ಕತೆ. ಅದನ್ನು ಹೇಳುವ ಮುನ್ನ, ನಿಮ್ಮಲ್ಲಿ ಯಾರಾದರೂ ದಪ್ಪನೆಯ ಸಹಪಾಠಿಯನ್ನು 'ಹೊಟ್ಟೆಬಾಕ' ಎಂದು ಕರೆದಿದ್ದರೆ ಈ ಮಾತನ್ನು ಗಮನವಿಟ್ಟು ಕೇಳಿರಿ.

ಇಂಗ್ಲೆಂಡಿನಲ್ಲಿ ನೆಲೆಸಿದ್ದ ಪಾಕಿಸ್ತಾನಿ ಮೂಲದ ಕುಟುಂಬವೊಂದರಲ್ಲಿ ಇಬ್ಬರು ಮಕ್ಕಳಿದ್ದರು. ಅವರು ಪರಸ್ಪರ ದಾಯಾದಿಗಳು. ಹುಟ್ಟುವಾಗ ಇಬ್ಬರ ತೂಕವೂ ಸಾಮಾನ್ಯವೇ ಆಗಿತ್ತು. ಆದರೆ ಕೆಲವೇ ತಿಂಗಳುಗಳಲ್ಲಿ ಅವರ ಹಸಿವು ತಣಿಯದಾಯಿತು. ಎಷ್ಟು ಕೊಟ್ಟರೂ ಮತ್ತೆ ಬೇಕು, ಕೊಡದಿದ್ದರೆ ಅಳು. ಎಂಟನೆಯ ವಯಸ್ಸಿನಲ್ಲಿ ಹುಡುಗಿಯ ತೂಕ 86 ಕಿಲೋ. ಎರಡು ವರ್ಷದ ಹುಡುಗ 29 ಕಿಲೋ. ಹುಡುಗಿಗೆ ನಡೆಯುವುದೇ ಕಷ್ಟವಾಗಿ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಇಂತಹ ಮಕ್ಕಳನ್ನು ಕಂಡಾಗ ಲೋಕ ಹೇಳುವುದೇನೆಂದು ನಿಮಗೆ ಗೊತ್ತು. ಮಗುವಿಗೆ ಆಸೆಬುರುಕುತನ, ತಾಯಿಗೆ ಶಿಸ್ತಿಲ್ಲ.

ಕೇಂಬ್ರಿಡ್ಜಿನ ಸ್ಟೀಫನ್ ಒ'ರಾಹಿಲಿ, ಸದಫ್ ಫಾರೂಕಿ ಮತ್ತು ಅವರ ಸಂಗಡಿಗರು ಈ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬ ವಿಜ್ಞಾನಿಯ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದಿತ್ತು. ನಮ್ಮ ದೇಹದ ಕೊಬ್ಬಿನ ಕೋಶಗಳೇ ಅದನ್ನು ತಯಾರಿಸುತ್ತವೆ. ಉಗ್ರಾಣದಲ್ಲಿ ಅಕ್ಕಿ ಎಷ್ಟಿದೆಯೆಂದು ಮನೆಯ ಯಜಮಾನಿಗೆ ತಿಳಿಸುವಂತೆ, ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಅದು ಮೆದುಳಿಗೆ ದಿನದಿನವೂ ತಿಳಿಸುತ್ತಿರುತ್ತದೆ. ಈ ಇಬ್ಬರು ಮಕ್ಕಳ ರಕ್ತದಲ್ಲಿ ಲೆಪ್ಟಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ಅದನ್ನು ತಯಾರಿಸುವ ವಂಶವಾಹಿಯಲ್ಲಿ ದೋಷವಿತ್ತು. ಉಗ್ರಾಣ ತುಂಬಿ ತುಳುಕುತ್ತಿದ್ದರೂ ಸುದ್ದಿ ತರುವವರಿಲ್ಲದೆ, ಮನೆಯಲ್ಲಿ ಒಂದು ಕಾಳೂ ಇಲ್ಲವೆಂದೇ ಅವರ ಮೆದುಳು ತಿಳಿದುಕೊಂಡಿತ್ತು. ಆ ಮಕ್ಕಳು ಪಟ್ಟಿದ್ದು ನಿಜವಾದ ಹಸಿವು. 1997ರಲ್ಲಿ ಇದು ಪ್ರಕಟವಾಯಿತು. ಬಳಿಕ ಹುಡುಗಿಗೆ ಪ್ರತಿದಿನ ಲೆಪ್ಟಿನ್ ಚುಚ್ಚುಮದ್ದು ಕೊಡಲಾಯಿತು. ಚಿಕಿತ್ಸೆ ಆರಂಭಿಸುವಾಗ ಅವಳಿಗೆ ಒಂಬತ್ತು ವರ್ಷ, ತೂಕ 94 ಕಿಲೋಗೇರಿತ್ತು. ಕೆಲವೇ ದಿನಗಳಲ್ಲಿ ಅವಳ ಊಟ ಬದಲಾಯಿತು, ಒಂದು ವರ್ಷದಲ್ಲಿ 16 ಕಿಲೋ ಇಳಿಯಿತು. ಅವಳಿಗೆ ಯಾರೂ ಹೊಸದಾಗಿ ಶಿಸ್ತು ಕಲಿಸಿರಲಿಲ್ಲ. ಕಳೆದುಹೋಗಿದ್ದ ಓಲೆಯೊಂದು ತಲುಪತೊಡಗಿತ್ತು, ಅಷ್ಟೆ.

ಇದು ಅತ್ಯಂತ ಅಪರೂಪದ ಕಾಯಿಲೆ. ಸಾಮಾನ್ಯವಾಗಿ ದಪ್ಪಗಿರುವವರ ದೇಹದಲ್ಲಿ ಲೆಪ್ಟಿನ್ ಬೇಕಾದಷ್ಟು, ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಅವರ ಮೆದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಹಾಗಾಗಿ ಅವರಿಗೆ ಆ ಚುಚ್ಚುಮದ್ದು ಹೆಚ್ಚಿನ ಪ್ರಯೋಜನಕ್ಕೆ ಬಾರದು. ದೊಡ್ಡವರಿಗೆ ಇನ್ನೊಂದು ವಿಷಯ. ಈ ಮಕ್ಕಳ ತಂದೆ ತಾಯಿಯರು ರಕ್ತಸಂಬಂಧಿಗಳಾಗಿದ್ದರು. ತಂದೆಯಲ್ಲಿ ಒಂದು, ತಾಯಿಯಲ್ಲಿ ಒಂದು ದೋಷಯುಕ್ತ ವಂಶವಾಹಿಯಿದ್ದು, ಜೊತೆಗೆ ಸರಿಯಾದ ಇನ್ನೊಂದು ಇದ್ದುದರಿಂದ ಅವರಿಗೆ ಈ ಕಾಯಿಲೆ ಬಂದಿರಲಿಲ್ಲ. ಎರಡೂ ಕಡೆಯ ದೋಷ ಒಂದೇ ಮಗುವಿಗೆ ಬಂದಾಗ ಮಾತ್ರ ಅದು ಹೊರಗೆ ಕಾಣಿಸಿತು. ಕುಟುಂಬದೊಳಗೇ ಮದುವೆಗಳಾಗುವ ಮನೆಗಳಲ್ಲಿ, ಮಗುವೊಂದು ಹುಟ್ಟಿದ ಕೆಲವೇ ತಿಂಗಳುಗಳಿಂದ ಹೀಗೆ ತಣಿಯದ ಹಸಿವು ತೋರಿಸಿ ವೇಗವಾಗಿ ದಪ್ಪವಾಗುತ್ತಿದ್ದರೆ, ಬೈಯುವುದನ್ನು ಬಿಟ್ಟು ಮಕ್ಕಳ ವೈದ್ಯರಿಗೆ ತೋರಿಸಬೇಕು.

ಇದಕ್ಕೆ ತದ್ವಿರುದ್ಧವಾದ ಮಗುವೊಂದಿದೆ. ಅದರ ಬಗ್ಗೆ ನಮಗೆ ಹೆಚ್ಚಿನ ಚಿಂತೆ. 'ನನಗೆ ಹಸಿವಿಲ್ಲ' ಎನ್ನುವ ಬಡಕಲು ಮಗು. ಹಸಿವಿಲ್ಲವೆಂದರೆ ಹೊಟ್ಟೆ ತುಂಬಿದೆಯೆಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಯಾವಾಗಲೂ ಹಾಗಲ್ಲ. ಜ್ವರ ಮತ್ತು ಸೋಂಕು ಹಸಿವನ್ನು ಅಡಗಿಸುತ್ತವೆ. ಹೊಟ್ಟೆಹುಳುವಿನ ಬಾಧೆ, ರಕ್ತಹೀನತೆ ಇವೂ ಅಡಗಿಸಬಹುದು. ದೀರ್ಘಕಾಲ ಕಡಿಮೆ ಆಹಾರದಲ್ಲಿಯೇ ಬೆಳೆದ, ತೀವ್ರ ಅಪೌಷ್ಟಿಕತೆಯಿರುವ ಮಗುವಿನಲ್ಲಿ ಹಸಿವು ಬಹಳಷ್ಟು ಕುಂದಿರಬಹುದು. ಅದಕ್ಕಾಗಿಯೇ ಇಂತಹ ಚಿಕ್ಕ ಮಕ್ಕಳನ್ನು ಪರೀಕ್ಷಿಸುವಾಗ ಆರೋಗ್ಯ ಕಾರ್ಯಕರ್ತರು ತೂಕ ಮತ್ತು ತೋಳಿನ ಸುತ್ತಳತೆಯ ಜೊತೆಗೆ, ಸ್ವಲ್ಪ ಪೌಷ್ಟಿಕ ಆಹಾರ ಕೊಟ್ಟು ಮಗು ತಿನ್ನುತ್ತದೆಯೇ ಎಂದೂ ನೋಡುತ್ತಾರೆ. ತಿನ್ನದಿದ್ದರೆ ಅದನ್ನು ಅಪಾಯದ ಚಿಹ್ನೆಯೆಂದು ಪರಿಗಣಿಸಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಶಿಕ್ಷಕರಲ್ಲಿ ನಮ್ಮ ಕೋರಿಕೆ ಇಷ್ಟೆ. ಎರಡು ವಾರಗಳ ಕಾಲ ದಿನವೂ ಊಟ ಬಿಡುವ ಮಗುವಿನ ಹೆಸರನ್ನು ಬರೆದಿಡಿರಿ, ಅದರ ತೂಕ ನೋಡಿರಿ, ಪಾಲಕರನ್ನು ಕರೆಸಿರಿ.

ಆರಂಭದಲ್ಲಿ ನಿಮ್ಮನ್ನು ಕುಳಿತುಕೊಳ್ಳಲು ಹೇಳಿದ್ದೇಕೆ? ಕೆಲ ಸಮಯದ ಹಿಂದೆ ಬೇರೊಂದು ಶಾಲೆಯಲ್ಲಿ ನಾವು ಮಾತನಾಡುತ್ತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಸಾಲಿನಲ್ಲಿಯೇ ಕುಸಿದು ಬಿದ್ದಳು. ಕೆಂಗೇರಿಯ ಆಚೆಯಿಂದ ಬೆಳಗ್ಗೆ ಬೇಗ ವ್ಯಾನು ಹತ್ತಿ ಬರುವ ಮಗು. ಏನೂ ತಿಂದಿರಲಿಲ್ಲ, ನೀರನ್ನೂ ಕುಡಿದಿರಲಿಲ್ಲ. 'ಹಸಿವಿನಿಂದ ತಲೆ ತಿರುಗಿತು' ಎಂದು ಎಲ್ಲರೂ ಹೇಳಿದರು. ಅದು ಅರ್ಧ ಸತ್ಯ. ಬಿಸಿಲಿನಲ್ಲಿ ಬಹಳ ಹೊತ್ತು ಅಲುಗಾಡದೆ ನಿಂತರೆ ರಕ್ತ ಕಾಲುಗಳಲ್ಲಿ ನಿಂತು ಮೆದುಳಿಗೆ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆ ಮತ್ತು ನೀರಿನ ಕೊರತೆ ಅದಕ್ಕೆ ಜೊತೆಯಾಗುತ್ತವೆ. ಅಂತಹ ಮಗುವನ್ನು ಎತ್ತಿ ನಿಲ್ಲಿಸಬಾರದು, ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತಿ ಇಡಬೇಕು. ಪೂರ್ತಿ ಎಚ್ಚರ ಬರುವ ಮುನ್ನ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಅಂದು ಅವಸರದಲ್ಲಿ ಯಾರೋ ಶರಬತ್ತು ಹಿಡಿದುಕೊಂಡು ಓಡಿ ಬಂದಿದ್ದರು, ತಡೆಯಬೇಕಾಯಿತು. ಒಂದೆರಡು ನಿಮಿಷಗಳಲ್ಲಿ ಎಚ್ಚರವಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕೊನೆಯದಾಗಿ ನಿಮಗೊಂದು ಕೆಲಸ ಕೊಡುತ್ತೇವೆ. ನಾಳೆಯಿಂದ ಮೂರು ದಿನ, ಅದರಲ್ಲಿ ಒಂದು ಭಾನುವಾರವಿರಲಿ, ಹಸಿವಾದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ, ಆಗ ಏನು ಕೊಟ್ಟರೂ ತಿನ್ನುತ್ತಿದ್ದಿರಾ ಅಥವಾ ಒಂದೇ ಒಂದು ತಿನಿಸು ಬೇಕೆನಿಸುತ್ತಿತ್ತೇ ಎಂಬುದನ್ನೂ ಬರೆಯಿರಿ. ಮುದ್ದೆಯಾದರೂ ಸರಿ, ಅನ್ನವಾದರೂ ಸರಿ ಎನಿಸಿದರೆ ಅದು ಬಹುಮಟ್ಟಿಗೆ ಗ್ರೆಲಿನ್‌ನ ಓಲೆ. ಆ ಪೊಟ್ಟಣವೇ ಬೇಕು, ಬೇರೆ ಬೇಡ ಎನಿಸಿದರೆ ಅದು ನಾಲಗೆಯ ಮತ್ತು ಕಣ್ಣಿನ ಬೇಡಿಕೆ. ಮಧ್ಯಾಹ್ನ ಊಟಕ್ಕೆ ಕುಳಿತ ಸಮಯ, ಎದ್ದ ಸಮಯ ಎರಡನ್ನೂ ಬರೆಯಿರಿ. ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ ಐದು ನಿಮಿಷ ಕಾದು ನೋಡಿ, ಬೇಕೆನಿಸಿದರೆ ಸಂಕೋಚವಿಲ್ಲದೆ ಬಡಿಸಿಕೊಳ್ಳಿರಿ, ಅದನ್ನೂ ಬರೆಯಿರಿ. ಭಾನುವಾರದ ಪುಟವನ್ನು ಶಾಲೆಯ ದಿನದ ಪುಟದೊಂದಿಗೆ ಹೋಲಿಸಿದಾಗ ನಿಮ್ಮ ಹೊಟ್ಟೆಯೊಳಗಿನ ಗಡಿಯಾರ ಶಾಲೆಯ ಗಂಟೆಯನ್ನು ಎಷ್ಟು ಚೆನ್ನಾಗಿ ಕಲಿತಿದೆಯೆಂಬುದು ನಿಮಗೇ ಕಾಣುತ್ತದೆ. ನೋಟ್‌ಬುಕ್ಕುಗಳನ್ನು ನಿಮ್ಮ ವಿಜ್ಞಾನ ಶಿಕ್ಷಕಿಯವರು ಮುಂದಿನ ವಾರ ನೋಡುತ್ತಾರೆ. ಇಂದು ತಿಂಡಿ ತಿನ್ನದೆ ಬಂದಿರುವ ಮಕ್ಕಳು ತರಗತಿಗೆ ಹೋಗುವ ಮುನ್ನ ಕಚೇರಿಯ ಪಕ್ಕದ ಕೊಠಡಿಗೆ ಬನ್ನಿರಿ. ಅಲ್ಲಿ ಬಾಳೆಹಣ್ಣು ಇಟ್ಟಿದ್ದಾರೆ, ಕೈ ಎತ್ತಬೇಕಾಗಿಲ್ಲ, ಹೆಸರನ್ನೂ ಹೇಳಬೇಕಾಗಿಲ್ಲ.